ಮಿಡಿಸೌತೆಯ ಡ್ರಮ್ಮು, ಡಾಲರಿನ ದರ

ತುಮಕೂರು, ಹಾಸನ, ದಾವಣಗೆರೆ, ಹಾವೇರಿ ಕಡೆಯ ಹೊಲಗಳಲ್ಲಿ ಬೆಳೆಯುವ ಮಿಡಿಸೌತೆಯನ್ನು ನಮ್ಮ ಊಟದ ಎಲೆಯಲ್ಲಿ ಕಾಣುವುದು ಅಪರೂಪ. ಕಿತ್ತ ದಿನವೇ ಅದು ಸಂಗ್ರಹ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಗಾತ್ರ ನೋಡಿ ಬೇರ್ಪಡಿಸಿ ಕಾರ್ಖಾನೆಗೆ ಕಳಿಸುತ್ತಾರೆ. ಉಪ್ಪುನೀರು ಇಲ್ಲವೇ ವಿನೆಗರ್ ತುಂಬಿದ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಸೇರಿ, ಅಮೆರಿಕ, ಫ್ರಾನ್ಸ್, ಜರ್ಮನಿ, ರಷ್ಯಾಗಳಿಗೆ ಹಡಗು ಹತ್ತುತ್ತದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಈ ಬೆಳೆ ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೂ ಹಬ್ಬಿತು. 2021ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಭಾರತ 1,23,846 ಟನ್ ಸೌತೆ ಮತ್ತು ಮಿಡಿಸೌತೆಯನ್ನು 11.4 ಕೋಟಿ ಡಾಲರಿಗೆ ರಫ್ತು ಮಾಡಿತೆಂದು ಕೇಂದ್ರ ವಾಣಿಜ್ಯ ಸಚಿವಾಲಯ ಹೇಳಿತ್ತು. ಭಾಗಿಸಿ ನೋಡಿದರೆ ಕಿಲೋಗೆ ಒಂದು ಡಾಲರಿಗೂ ಸ್ವಲ್ಪ ಕಡಿಮೆ.

ಈ ವ್ಯಾಪಾರದಲ್ಲಿ ಮಾತು ಕೊಡುವ ಕ್ರಮವನ್ನು ಗಮನಿಸಬೇಕು. ಬೀಜ ಬಿತ್ತುವ ಮೊದಲೇ ಕಂಪನಿ ರೈತನಿಗೆ ದರ ಹೇಳಿರುತ್ತದೆ: ಕಿಲೋಗೆ 160ಕ್ಕಿಂತ ಹೆಚ್ಚು ಬರುವ ಪುಟ್ಟ ಕಾಯಿಗೆ ಎಷ್ಟು, ಅದಕ್ಕಿಂತ ದಪ್ಪನೆಯದಕ್ಕೆ ಎಷ್ಟು ಎಂದು, ರೂಪಾಯಿಯಲ್ಲಿ. ಬೀಜ, ಗೊಬ್ಬರ, ಔಷಧಿಯನ್ನೂ ಸಾಲವಾಗಿ ಕೊಟ್ಟು ಆಮೇಲೆ ಮುರಿದುಕೊಳ್ಳುತ್ತದೆ. ವಿದೇಶದ ಖರೀದಿದಾರನಿಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ದರ ಹೇಳಿಯಾಗಿರುತ್ತದೆ, ಅದು ಡಾಲರಿನಲ್ಲಿ. ಹಣ ಬರುವುದು ತಿಂಗಳುಗಳು ಕಳೆದ ಮೇಲೆ. ಎರಡೂ ಕಡೆ ಮಾತು ಕೊಟ್ಟಾಗಿದೆ, ಆದರೆ ಆ ಎರಡು ಮಾತುಗಳನ್ನು ಹೊಂದಿಸುವ ದರ ಮಾತ್ರ ಯಾರ ಕೈಯಲ್ಲೂ ಇಲ್ಲ. ರಫ್ತಿನ ಬೆಲೆ ಕಟ್ಟುವ ಕಷ್ಟವೆಲ್ಲ ಇರುವುದು ಇಲ್ಲೇ.

ಒಂದು ಕಂಟೇನರ್ ಲೆಕ್ಕ ಮಾಡೋಣ. ಯಾವುದೇ ಒಂದು ಕಂಪನಿಯ ಪುಸ್ತಕದಿಂದ ತೆಗೆದದ್ದಲ್ಲ, ಹೇಳುವುದಕ್ಕೆ ಸುಲಭವಾಗಲೆಂದು ದುಂಡಗೆ ಮಾಡಿಕೊಂಡ ಅಂಕಿಗಳು. ಇಪ್ಪತ್ತು ಅಡಿಯ ಕಂಟೇನರಿನಲ್ಲಿ 80 ಡ್ರಮ್ಮು, ಒಂದೊಂದರಲ್ಲಿ 170 ಕಿಲೋ ಕಾಯಿ ಎಂದಿಟ್ಟುಕೊಳ್ಳಿ. ಎಲ್ಲ ಗ್ರೇಡುಗಳ ಸರಾಸರಿಯಾಗಿ ರೈತನಿಗೆ ಕಿಲೋಗೆ 30 ರೂಪಾಯಿ ಎಂದರೆ ಕಾಯಿಗೇ 4,08,000. ಹಳ್ಳಿಗಳಲ್ಲಿ ತಿರುಗುವ ಕ್ಷೇತ್ರ ಸಿಬ್ಬಂದಿ, ಸಂಗ್ರಹ ಕೇಂದ್ರ, ಅಲ್ಲಿಂದ ಕಾರ್ಖಾನೆಗೆ ಸಾಗಣೆ ಸೇರಿ ಒಂದು ಲಕ್ಷ. ಡ್ರಮ್ಮುಗಳಿಗೆ 1,28,000. ವಿನೆಗರ್, ಉಪ್ಪು ಇತ್ಯಾದಿಗೆ 60,000. ಬೇರ್ಪಡಿಸುವ ಹೆಂಗಸರ ಕೂಲಿ, ಕರೆಂಟು ಮತ್ತಿತರ ಕಾರ್ಖಾನೆ ಖರ್ಚು ಒಂದು ಲಕ್ಷ. ಚೆನ್ನೈ ಬಂದರಿನವರೆಗಿನ ಲಾರಿ ಬಾಡಿಗೆ ಮತ್ತು ಕಸ್ಟಮ್ಸ್ ಕೆಲಸಕ್ಕೆ 44,000, ಬಡ್ಡಿ ಮತ್ತು ಕಚೇರಿ ಖರ್ಚಿಗೆ 60,000. ಒಟ್ಟು ಒಂಬತ್ತು ಲಕ್ಷ. ಇದರ ಮೇಲೆ ಶೇ 7ರಷ್ಟು ಲಾಭವಿಟ್ಟರೆ 9,63,000 ರೂಪಾಯಿ ಕೈಗೆ ಬರಬೇಕು. ಚೆನ್ನೈನಲ್ಲಿ ಹಡಗಿಗೆ ಏರಿಸಿ ಕೊಡುವವರೆಗಿನ ದರ ಇದು, ಹಡಗಿನ ಬಾಡಿಗೆ ಖರೀದಿದಾರನದು.

2025ರ ಫೆಬ್ರುವರಿ ಮಧ್ಯದಲ್ಲಿ ಡಾಲರ್ 87 ರೂಪಾಯಿಯ ಆಸುಪಾಸಿನಲ್ಲಿತ್ತು. ಆ ದಿನ ಬೆಲೆ ಕಟ್ಟುವವನು 9,63,000ವನ್ನು 87ರಿಂದ ಭಾಗಿಸಿ, ಕಂಟೇನರಿಗೆ 11,070 ಡಾಲರ್ ಎಂದು ಬರೆಯುತ್ತಾನೆ. ಬೆಳೆ ಆಗಲೇ ಹೊಲದಲ್ಲಿದೆ. ಮಾರ್ಚ್ ಕೊನೆಗೆ ಕಂಟೇನರ್ ಹೊರಡುತ್ತದೆ, ಮೇ ಮೊದಲ ವಾರ ಹಣ ಬರಬೇಕು. ಆಗ ರೂಪಾಯಿ ಬಿದ್ದೇ ಬೀಳುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಫೆಬ್ರುವರಿ 10ರಂದು ಡಾಲರ್ 88ರ ಹತ್ತಿರ ಹೋಗಿ ಬಂದಿತ್ತು. ಹಾಗಾಗಿ ಕಾದರೆ ಲಾಭ ಎಂದು ಯೋಚಿಸುವುದು ಸಹಜವಾಗಿತ್ತು. ಆದರೆ ಮೇ ಮೊದಲ ವಾರದ ಹೊತ್ತಿಗೆ ಡಾಲರ್ 84.50ರ ಸುತ್ತ ಇಳಿದಿತ್ತು, ಒಂದು ಗಳಿಗೆ 84ಕ್ಕಿಂತ ಕೆಳಗೂ ಹೋಗಿತ್ತು. 11,070 ಡಾಲರನ್ನು 84.50ರಂತೆ ಬದಲಿಸಿದರೆ ಸಿಗುವುದು 9,35,415 ರೂಪಾಯಿ. ಲಾಭ 63,000 ಇರಬೇಕಾದಲ್ಲಿ 35,415.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇಡೀ ವಿಷಯ ಅರ್ಥವಾಗುತ್ತದೆ. ಡಾಲರ್ ಇಳಿದದ್ದು ಶೇ 3ಕ್ಕಿಂತ ಕಡಿಮೆ, ಲಾಭ ಇಳಿದದ್ದು ಶೇ 44ರಷ್ಟು. ವಿನಿಮಯ ದರದ ಏರಿಳಿತವನ್ನು ಮಾರಾಟದ ಮೊತ್ತದೊಂದಿಗೆ ಹೋಲಿಸುವವರಿಗೆ ಅದು ಸಣ್ಣದಾಗಿ ಕಾಣುತ್ತದೆ. ಹೋಲಿಸಬೇಕಾದದ್ದು ಲಾಭದೊಂದಿಗೆ. ಸಾಫ್ಟ್‌ವೇರಿನಂತೆ ದೊಡ್ಡ ಲಾಭಾಂಶ ಇರುವ ವ್ಯವಹಾರದಲ್ಲಿ ಶೇ 3 ನಡೆದುಹೋಗುತ್ತದೆ. ಶೇ 7 ಲಾಭದ ಮಿಡಿಸೌತೆಯಲ್ಲಿ ಅದು ದುಡಿಮೆಯ ಹತ್ತಿರ ಹತ್ತಿರ ಅರ್ಧ.

ಇದಕ್ಕೆ ಬಹಳ ಜನ ಮಾಡುವ ಉಪಾಯ, ಬೆಲೆ ಕಟ್ಟುವಾಗಲೇ ಡಾಲರನ್ನು ಕಡಿಮೆ ಹಿಡಿಯುವುದು. 87 ಇದ್ದರೂ 84 ಎಂದು ಹಿಡಿದು ಭಾಗಿಸುವುದು. ಹಾಗೆ ಮಾಡಿದರೆ ನಮ್ಮ ಕಂಟೇನರ್ 11,464 ಡಾಲರ್ ಆಗುತ್ತದೆ, ಪಕ್ಕದ ಕಾರ್ಖಾನೆಯವರಿಗಿಂತ ಸುಮಾರು 400 ಡಾಲರ್ ಹೆಚ್ಚು. ಒಂದೇ ಗಾತ್ರ, ಒಂದೇ ಉಪ್ಪುನೀರು, ಒಂದೇ ಬಂದರು ಇರುವಾಗ ಖರೀದಿದಾರ ಆ ಹೆಚ್ಚಳಕ್ಕೆ ಯಾಕೆ ಒಪ್ಪಬೇಕು? ನಮ್ಮ ಭಯಕ್ಕೆ ಅವನು ಹಣ ಕೊಡುವುದಿಲ್ಲ. ಪೂರ್ತಿ ಆರ್ಡರ್ ಕೈತಪ್ಪುವುದೇ ಈ ಉಪಾಯದ ಬೆಲೆ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ನಷ್ಟವೆಂದು ಕಾಣಿಸದೇ ಇರುವುದರಿಂದ ಇದು ಸುರಕ್ಷಿತ ದಾರಿ ಎಂಬ ನಂಬಿಕೆ ಉಳಿದುಬಿಟ್ಟಿದೆ.

ಹಾಗಾದರೆ ಯಾವ ದರದಿಂದ ಭಾಗಿಸಬೇಕು? ಹಣ ಬರುವ ದಿನಕ್ಕೆ ಬ್ಯಾಂಕು ಇವತ್ತೇ ಕೊಡಲು ಸಿದ್ಧವಿರುವ ದರದಿಂದ. ಅದೇ ಫಾರ್ವರ್ಡ್ ದರ. ಮೇ ತಿಂಗಳಲ್ಲಿ ಬರಲಿರುವ ಡಾಲರನ್ನು ಫೆಬ್ರುವರಿಯಲ್ಲೇ ಬ್ಯಾಂಕಿಗೆ ಮಾರುವ ಒಪ್ಪಂದ ಮಾಡಿಕೊಂಡರೆ, ಆ ದಿನ ಮಾರುಕಟ್ಟೆಯಲ್ಲಿ ಏನೇ ಇರಲಿ, ಬರೆದ ದರ ಬರೆದದ್ದೇ. ಇದು ಮುಂದೆ ಡಾಲರ್ ಎಷ್ಟಾಗುತ್ತದೆ ಎಂಬ ಭವಿಷ್ಯವಾಣಿ ಅಲ್ಲ. ಬಡ್ಡಿಯ ಲೆಕ್ಕ ಅಷ್ಟೇ. ರೂಪಾಯಿಯ ಬಡ್ಡಿ ಡಾಲರಿನ ಬಡ್ಡಿಗಿಂತ ಹೆಚ್ಚಿರುವುದರಿಂದ ಮುಂದಿನ ದಿನಾಂಕದ ಡಾಲರಿಗೆ ಇವತ್ತಿನದಕ್ಕಿಂತ ಸ್ವಲ್ಪ ಹೆಚ್ಚು ರೂಪಾಯಿ ಸಿಗುತ್ತದೆ. ಆ ಹೆಚ್ಚಳವೇ ಪ್ರೀಮಿಯಂ. ಎರಡು ಬಡ್ಡಿಗಳ ಅಂತರ ವರ್ಷಕ್ಕೆ ಶೇ 2 ಎಂದು ಹಿಡಿದರೆ, ಎಂಬತ್ತು ದಿನಕ್ಕೆ 87 ರೂಪಾಯಿಯ ಮೇಲೆ ಸುಮಾರು 38 ಪೈಸೆ. ಬ್ಯಾಂಕು ತನ್ನ ಪಾಲು 8 ಪೈಸೆ ಹಿಡಿದುಕೊಂಡರೂ ದರ 87.30.

ಅಂದರೆ ಡಾಲರ್ ಮಾರುವ ನಮ್ಮ ರಫ್ತುದಾರನಿಗೆ ಈ ರಕ್ಷಣೆಗೆ ಹಣ ಕೊಡಬೇಕಾಗಿಲ್ಲ, ಅವನ ಕೈಗೇ ಮೂವತ್ತು ಪೈಸೆ ಬರುತ್ತದೆ. 11,070 ಡಾಲರಿಗೆ 9,66,411 ರೂಪಾಯಿ, ಲಾಭ 66,411. ಬೇಕಿದ್ದರೆ ಆ ಮೂವತ್ತು ಪೈಸೆಯನ್ನು ಬೆಲೆಯಲ್ಲೇ ಬಿಟ್ಟುಕೊಟ್ಟು 11,031 ಡಾಲರಿಗೆ ಕಂಟೇನರ್ ಕೊಡಬಹುದು, ಲಾಭ ಮೊದಲಿನಷ್ಟೇ ಉಳಿಯುತ್ತದೆ. 84ರ ಲೆಕ್ಕದಲ್ಲಿ ಬೆಲೆ ಹೇಳಿದವನಿಗಿಂತ 430 ಡಾಲರ್ ಕಡಿಮೆ, ಆದರೂ ಅವನಿಗಿಂತ ಗಟ್ಟಿ ನೆಲದ ಮೇಲೆ ನಿಂತಂತೆ. ಆದರೆ ವರ್ಷಪೂರ್ತಿ ಒಂದೇ ದರಕ್ಕೆ ಒಪ್ಪಿಕೊಳ್ಳುವ ಕರಾರಿನಲ್ಲಿ ಈ ಪ್ರೀಮಿಯಮ್ಮನ್ನು ಖರೀದಿದಾರನಿಗೆ ಬಿಟ್ಟುಕೊಡಬಾರದೆಂಬುದು ನನ್ನ ಅಭಿಪ್ರಾಯ. ಹನ್ನೆರಡು ತಿಂಗಳಲ್ಲಿ ಕೂಲಿ, ಗೊಬ್ಬರ, ರೈತನಿಗೆ ಹೇಳಬೇಕಾದ ದರ ಎಲ್ಲವೂ ಏರುತ್ತವೆ. ಆ ಏರಿಕೆಯಲ್ಲಿ ಒಂದಿಷ್ಟನ್ನು ತುಂಬಿಕೊಡುವುದು ಈ ಪ್ರೀಮಿಯಮ್ಮೇ.

ಇಷ್ಟು ಓದಿದವರಿಗೆ ಒಂದು ಪ್ರಶ್ನೆ ಬರುತ್ತದೆ: ಹಾಗಾದರೆ ಬರಬೇಕಾದ ಡಾಲರನ್ನೆಲ್ಲ ಮೊದಲ ದಿನವೇ ಮಾರಿಬಿಡಬಾರದೇಕೆ? ಉತ್ತರ ಹೊಲದಲ್ಲಿದೆ. ಫಾರ್ವರ್ಡ್ ಎಂದರೆ ಡಾಲರ್ ತಂದುಕೊಡುತ್ತೇನೆ ಎಂಬ ಮಾತು. ಮಳೆ ಹಿಡಿದು ಬೂಜು ತುಪ್ಪಟ ರೋಗ ಬಂದರೆ ವಾರದೊಳಗೆ ಬಳ್ಳಿ ಒಣಗುತ್ತದೆ. ರೋಗವೇ ಬರಬೇಕೆಂದಿಲ್ಲ, ಕೊಯ್ಲು ಒಂದು ದಿನ ತಡವಾದರೂ ಪುಟ್ಟ ಕಾಯಿ ದಪ್ಪವಾಗಿ ಕೆಳಗಿನ ಗ್ರೇಡಿಗೆ ಬೀಳುತ್ತದೆ, ಖರೀದಿದಾರ ಕೇಳಿದ ಗಾತ್ರ ಸಾಕಾಗುವುದಿಲ್ಲ. ಕಂಟೇನರ್ ಹೋಗಲಿಲ್ಲ, ಡಾಲರ್ ಬರಲಿಲ್ಲ. ಬ್ಯಾಂಕಿನ ಒಪ್ಪಂದ ಮಾತ್ರ ಹಾಗೇ ನಿಂತಿರುತ್ತದೆ. ಅದನ್ನು ರದ್ದು ಮಾಡಬೇಕಾದ ದಿನ ಡಾಲರ್ 90 ಆಗಿದ್ದರೆ, 87.30ಕ್ಕೆ ಮಾರಿದ್ದನ್ನು 90ಕ್ಕೆ ಕೊಂಡು ತೀರಿಸಬೇಕು. ಡಾಲರಿಗೆ 2.70ರಂತೆ ಒಂದು ಕಂಟೇನರಿಗೆ 29,889 ರೂಪಾಯಿ ಕೈಯಿಂದ ಹೋಗುತ್ತದೆ. ಬೆಳೆಯೂ ಇಲ್ಲ, ಹಣವೂ ಇಲ್ಲದ ದಿನ ಬರುವ ಬಿಲ್ಲು ಅದು.

ಆದ್ದರಿಂದ ಎಷ್ಟು ಮಾರಬೇಕು ಎಂಬುದನ್ನು ಡಾಲರಿನ ಗತಿ ನೋಡಿ ನಿರ್ಧರಿಸುವುದಕ್ಕಿಂತ ಬೆಳೆಯ ಹಂತ ನೋಡಿ ನಿರ್ಧರಿಸುವುದು ಸರಿ. ಡ್ರಮ್ಮಿನಲ್ಲಿ ತುಂಬಿ, ಗ್ರೇಡ್ ಆಗಿ, ಖರೀದಿದಾರನ ಕರಾರು ಕೈಯಲ್ಲಿರುವ ಸರಕಿನ ಡಾಲರನ್ನು ಹೆಚ್ಚುಕಡಿಮೆ ಪೂರ್ತಿ ಮಾರಬಹುದು. ಅಲ್ಲಿ ಉಳಿದಿರುವುದು ಹಣ ಬರುತ್ತದೋ ಇಲ್ಲವೋ ಎಂಬ ಅನುಮಾನ ಮಾತ್ರ, ಅದಕ್ಕೆ ಇಸಿಜಿಸಿಯ ವಿಮೆ ಇದೆ. ಹೊಲದಲ್ಲಿ ನಿಂತ ಬೆಳೆಗೆ ಅರ್ಧ. ಇನ್ನೂ ಬಿತ್ತದ ಬೆಳೆಗೆ, ಕರಾರು ಎಷ್ಟೇ ಗಟ್ಟಿಯಾಗಿದ್ದರೂ, ಕಾಲು ಭಾಗ ದಾಟುವುದು ಬೇಡ. ಈ ಪ್ರಮಾಣಗಳು ಶಾಸನವಲ್ಲ. ನೀರಾವರಿ ಗಟ್ಟಿಯಾಗಿದ್ದು ರೈತರು ಹಳಬರಾಗಿದ್ದರೆ ಸ್ವಲ್ಪ ಹೆಚ್ಚಿಸಬಹುದು, ಮಳೆಗಾಲದ ಬೆಳೆಗೆ ಇಳಿಸಬೇಕು. ಕ್ಷೇತ್ರ ಸಿಬ್ಬಂದಿಯ ವಾರದ ವರದಿಯನ್ನು ಡಾಲರ್ ಮಾರುವವರೂ ಓದಬೇಕು. ಬಹಳ ಕಚೇರಿಗಳಲ್ಲಿ ಆ ಎರಡು ಮೇಜುಗಳ ನಡುವೆ ಮಾತೇ ಇರುವುದಿಲ್ಲ.

ದಿನಾಂಕದ ಕಷ್ಟಕ್ಕೂ ಒಂದು ಅನುಕೂಲವಿದೆ. ಹಡಗು ತಡವಾಗುವುದು, ದಾಖಲೆ ತಡವಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಮೇ 6 ಎಂದು ಒಂದೇ ದಿನ ಬರೆಯುವ ಬದಲು ಮೇ ತಿಂಗಳ ಯಾವ ದಿನವಾದರೂ ಡಾಲರ್ ಕೊಡಬಹುದು ಎಂಬ ಅವಧಿಯ ಒಪ್ಪಂದವನ್ನು ಬ್ಯಾಂಕುಗಳು ಕೊಡುತ್ತವೆ. ಆದರೆ ಪ್ರೀಮಿಯಂ ಲೆಕ್ಕ ಹಾಕುವುದು ಆ ಅವಧಿಯ ಮೊದಲ ದಿನದವರೆಗೆ ಮಾತ್ರ. ತಿಂಗಳ ಕೊನೆಗೆ ಡಾಲರ್ ಕೊಟ್ಟರೂ ಆ ತಿಂಗಳ ಪ್ರೀಮಿಯಂ ಬ್ಯಾಂಕಿನದೇ. ಆದ್ದರಿಂದ ಅವಧಿಯನ್ನು ಬೇಕಾದಷ್ಟೇ ಇಟ್ಟುಕೊಳ್ಳಬೇಕು, ಸುಮ್ಮನೆ ಮೂರು ತಿಂಗಳು ತೆರೆದಿಡಬಾರದು.

ಈ ಮಿತಿಗಳನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಬಟ್ಟೆ ರಫ್ತಿನ ಊರು ತಿರುಪ್ಪೂರಿನಲ್ಲಿ ನಡೆದದ್ದು ಸಾಕ್ಷಿ. 2007ರ ಆರಂಭದಲ್ಲಿ 44ರ ಹತ್ತಿರವಿದ್ದ ಡಾಲರ್ ವರ್ಷದ ಕೊನೆಗೆ 39ರ ಹಂತಕ್ಕೆ ಇಳಿಯಿತು. ರಫ್ತುದಾರರ ಲಾಭವೆಲ್ಲ ಕರಗಿತು. ಹೆದರಿದ ಎಷ್ಟೋ ಜನ ಆಗ ಎರಡು ಬಗೆಯ ಒಪ್ಪಂದಗಳಿಗೆ ಸಹಿ ಹಾಕಿದರು. ಒಂದು, ಮುಂದಿನ ತುಂಬ ದೂರದ ಡಾಲರನ್ನೂ ಆ ಕಡಿಮೆ ದರಕ್ಕೇ ಮಾರಿಬಿಡುವುದು. ಇನ್ನೊಂದು, ಬ್ಯಾಂಕುಗಳು ತಂದ ಜಟಿಲ ಆಪ್ಷನ್‌ಗಳು. ಡಾಲರಿನಲ್ಲಿ ಮಾರುವವರ ಕೈಯಲ್ಲಿ ಸ್ವಿಸ್ ಫ್ರಾಂಕಿನ ಏರಿಳಿತಕ್ಕೆ ಕಟ್ಟಿದ ಒಪ್ಪಂದಗಳಿದ್ದವು. ಆರಂಭದಲ್ಲಿ ಖರ್ಚಿಲ್ಲ, ದರ ಒಂದು ಮಿತಿಯೊಳಗಿದ್ದರೆ ಒಂದಿಷ್ಟು ಲಾಭ, ಮಿತಿ ದಾಟಿದರೆ ನಷ್ಟಕ್ಕೆ ತಳವಿಲ್ಲ. 2008ರಲ್ಲಿ ಜಗತ್ತಿನ ಹಣಕಾಸು ಕುಸಿದು, ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಡಾಲರ್ 50 ಮುಟ್ಟಿತು. ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. ಡಿರೈವೇಟಿವ್ ನಿಯಮ ಮುರಿದುದಕ್ಕೆ ರಿಸರ್ವ್ ಬ್ಯಾಂಕು 2011ರ ಏಪ್ರಿಲ್‌ನಲ್ಲಿ 19 ಬ್ಯಾಂಕುಗಳಿಗೆ ದಂಡ ಹಾಕಿತು. ದಂಡ ಬಿದ್ದದ್ದು ಬ್ಯಾಂಕಿಗೆ, ಅದರಿಂದ ಮುಚ್ಚಿದ ಹೊಲಿಗೆ ಘಟಕಗಳು ತೆರೆಯಲಿಲ್ಲ.

ಸಾದಾ ಆಪ್ಷನ್ ಕೆಟ್ಟದ್ದಲ್ಲ. ನಿಗದಿತ ದರಕ್ಕೆ ಡಾಲರ್ ಮಾರುವ ಹಕ್ಕನ್ನು ಹಣ ಕೊಟ್ಟು ಕೊಳ್ಳುವುದು ಅದು. ಬೇಡವಾದರೆ ಬಿಡಬಹುದು, ಹೋಗುವುದು ಕೊಟ್ಟ ಹಣ ಮಾತ್ರ. ಬೆಳೆ ಬರುತ್ತದೋ ಇಲ್ಲವೋ ಎಂಬ ಅನುಮಾನವಿರುವ ಸರಕಿಗೆ ಇದು ಫಾರ್ವರ್ಡ್‌ಗಿಂತ ಹೆಚ್ಚು ಹೊಂದುತ್ತದೆ. ಆದರೆ ಯಾರಾದರೂ ಆಪ್ಷನ್ನನ್ನು ಖರ್ಚಿಲ್ಲದೆ ಕೊಡುತ್ತೇನೆ ಎಂದರೆ, ಅದರೊಳಗೆ ನಾವೂ ಏನನ್ನೋ ಮಾರಿರುತ್ತೇವೆ ಎಂದು ತಿಳಿದು, ಏನದು ಎಂದು ಸಿಗುವವರೆಗೂ ಸಹಿ ಹಾಕಬಾರದು.

ಇನ್ನೊಂದು ದಾರಿಯನ್ನು ರಫ್ತುದಾರರು ದಿನವೂ ಬಳಸುತ್ತಾರೆ, ಆದರೆ ಅದೂ ವಿನಿಮಯದ ರಕ್ಷಣೆಯೇ ಎಂದು ಎಷ್ಟೋ ಸಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರ್ಡರ್ ತೋರಿಸಿ ಬ್ಯಾಂಕಿನಿಂದ ಪಡೆಯುವ ಪ್ಯಾಕಿಂಗ್ ಕ್ರೆಡಿಟ್ ಸಾಲವನ್ನು ಡಾಲರಿನಲ್ಲೂ ತೆಗೆದುಕೊಳ್ಳಬಹುದು. ಹಾಗೆ ತೆಗೆದ ಡಾಲರ್ ಅವತ್ತಿನ ದರಕ್ಕೇ ರೂಪಾಯಿಯಾಗಿ ರೈತರಿಗೆ, ಡ್ರಮ್ಮಿನವರಿಗೆ ಸಲ್ಲುತ್ತದೆ. ಆಮೇಲೆ ಖರೀದಿದಾರನ ಡಾಲರ್ ಬಂದಾಗ ನೇರವಾಗಿ ಸಾಲಕ್ಕೆ ಜಮೆಯಾಗುತ್ತದೆ. ಅಂದರೆ ಅಷ್ಟು ಡಾಲರಿನ ವಿನಿಮಯ ಆಗಲೇ ಮುಗಿದಿದೆ, ಮುಂದೆ ದರ ಏನಾದರೂ ಆಗಲಿ. ಡಾಲರ್ ಸಾಲದ ಬಡ್ಡಿ ರೂಪಾಯಿ ಸಾಲಕ್ಕಿಂತ ಕಡಿಮೆ ಎಂದು ಹಿಗ್ಗುವುದುಂಟು. ನಿಜ, ಆದರೆ ಉಳಿದ ಆ ಬಡ್ಡಿ ಬಹುಪಾಲು ಬಿಟ್ಟುಕೊಟ್ಟ ಫಾರ್ವರ್ಡ್ ಪ್ರೀಮಿಯಮ್ಮೇ. ಒಂದೇ ಹಣ ಬೇರೆ ಬಾಗಿಲಿನಿಂದ ಬಂದಿದೆ. ತೊಂದರೆ ಶುರುವಾಗುವುದು ಸಾಲ ಒಂದು ಶಾಖೆಯಲ್ಲಿ, ಫಾರ್ವರ್ಡ್ ಇನ್ನೊಂದು ಬ್ಯಾಂಕಿನಲ್ಲಿ ಇದ್ದಾಗ. ಅದೇ ಕಂಟೇನರಿನ ಡಾಲರನ್ನು ಸಾಲದ ಮೂಲಕ ಒಮ್ಮೆ, ಫಾರ್ವರ್ಡ್ ಮೂಲಕ ಇನ್ನೊಮ್ಮೆ ಮಾರಿಬಿಟ್ಟರೆ ರಕ್ಷಣೆಯೇ ಜೂಜಾಗುತ್ತದೆ. ಕಂಟೇನರ್ ಸಂಖ್ಯೆ ಬರೆದು, ಬರಬೇಕಾದ ಡಾಲರ್, ಅದರ ಮೇಲಿನ ಸಾಲ, ಫಾರ್ವರ್ಡ್, ಉಳಿದದ್ದು ಎಷ್ಟು ಎಂದು ಒಂದೇ ಹಾಳೆಯಲ್ಲಿ ಇಟ್ಟರೆ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಉಳಿದದ್ದು ಎಂಬ ಕಡೆ ಸೊನ್ನೆಗಿಂತ ಕೆಳಗಿನ ಅಂಕಿ ಬಂದರೆ ಎರಡು ಸಲ ಮಾರಿಯಾಗಿದೆ ಎಂದರ್ಥ.

ದರದ ಏರಿಳಿತದ ಗದ್ದಲದಲ್ಲಿ ಸದ್ದಿಲ್ಲದೆ ಸೋರುವ ಹಣವೂ ಇದೆ. ಡಾಲರ್ ಖಾತೆಗೆ ಬಂದ ದಿನ ಬ್ಯಾಂಕು ಯಾವ ದರ ಕೊಟ್ಟಿತು? ಮಾತಾಡದೆ ಸುಮ್ಮನಿದ್ದರೆ ಬ್ಯಾಂಕು ಬೆಳಿಗ್ಗೆ ಪ್ರಕಟಿಸುವ ಕಾರ್ಡ್ ದರ ಹಾಕಬಹುದು, ಅದು ಸಾಮಾನ್ಯವಾಗಿ ಆ ಗಳಿಗೆಯ ಮಾರುಕಟ್ಟೆ ದರಕ್ಕಿಂತ ಕಡಿಮೆ ಇರುತ್ತದೆ. ಐವತ್ತು ಪೈಸೆ ಕಡಿಮೆಯಾದರೂ ನಮ್ಮ ಕಂಟೇನರಿಗೆ 5,535 ರೂಪಾಯಿ, ಲಾಭದ ಹನ್ನೊಂದನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಹಣ ಜಮೆಯಾದ ಚೀಟಿಯಲ್ಲಿ ದರ ನಮೂದಾಗಿರುತ್ತದೆ, ಅದನ್ನು ಆ ಹೊತ್ತಿನ ಮಾರುಕಟ್ಟೆ ದರದ ಪಕ್ಕ ಬರೆದಿಟ್ಟರೆ ಎರಡು ತಿಂಗಳಲ್ಲಿ ಸೋರಿಕೆ ಎಷ್ಟೆಂದು ತಿಳಿಯುತ್ತದೆ. ಕ್ಲಿಯರಿಂಗ್ ಕಾರ್ಪೊರೇಷನ್ 2019ರ ಆಗಸ್ಟ್‌ನಲ್ಲಿ ಶುರುಮಾಡಿದ ಎಫ್ಎಕ್ಸ್-ರಿಟೇಲ್ ವೇದಿಕೆಯಲ್ಲಿ ಸಣ್ಣ ರಫ್ತುದಾರರೂ ಮಾರುಕಟ್ಟೆಯ ದರವನ್ನು ನೋಡಿ ಡಾಲರ್ ಮಾರಬಹುದು. ಬ್ಯಾಂಕಿನ ಪಾಲು ಎಷ್ಟು ಎಂಬುದು ಅಲ್ಲಿ ಬೇರೆಯಾಗಿಯೇ ಕಾಣುತ್ತದೆ.

ಡಾಲರಿನ ಬದಲು ಯೂರೋದಲ್ಲಿ ಬಿಲ್ ಮಾಡುವವರಿಗೆ 2025 ಬೇರೆಯೇ ವರ್ಷವಾಗಿತ್ತು. ವರ್ಷದ ಆರಂಭದಲ್ಲಿ 90ಕ್ಕಿಂತ ಕೆಳಗಿದ್ದ ಯೂರೋ ಆಗಸ್ಟ್ ಹೊತ್ತಿಗೆ 100 ರೂಪಾಯಿ ದಾಟಿತ್ತು. ಅದೇ ಹೊಲದ ಅದೇ ಕಾಯಿ ಜರ್ಮನಿಗೆ ಹೋದಾಗ ಲಾಭ, ಅಮೆರಿಕಕ್ಕೆ ಹೋದಾಗ ಇಕ್ಕಟ್ಟು. ಇದನ್ನು ಕಂಡು ಎಲ್ಲವನ್ನೂ ಯೂರೋಗೆ ಬದಲಿಸಿಕೊಳ್ಳುವುದು ಜಾಣತನವಲ್ಲ, ಏರಿದ ಯೂರೋ ಇಳಿಯಲೂಬಹುದು. ವಿದೇಶಿ ಹಣದ ಗೊಡವೆಯೇ ಬೇಡ ಎನ್ನುವವರಿಗೆ 2022ರ ಜುಲೈಯಿಂದ ರಿಸರ್ವ್ ಬ್ಯಾಂಕು ರೂಪಾಯಿಯಲ್ಲೇ ಬಿಲ್ ಮಾಡುವ ವ್ಯವಸ್ಥೆಯನ್ನೂ ಕೊಟ್ಟಿದೆ. ಆಗ ಏರಿಳಿತದ ಭಾರ ಖರೀದಿದಾರನಿಗೆ ದಾಟುತ್ತದೆ, ಅವನು ಅದಕ್ಕೆ ಬೆಲೆಯಲ್ಲಿ ಕಡಿತ ಕೇಳುತ್ತಾನೆ.

ಡಾಲರ್ ಏರಿದಾಗ ಬರುವ ಪತ್ರದ ಬಗ್ಗೆ ಕೊನೆಗೆ ಹೇಳಬೇಕು. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು. ಅಂಥ ಹೊತ್ತಿನಲ್ಲಿ ಖರೀದಿದಾರ ಬರೆಯುತ್ತಾನೆ: ನಿಮ್ಮ ರೂಪಾಯಿ ಇಳಿದಿದೆ, ಟರ್ಕಿಯವರು ದರ ಇಳಿಸಿದ್ದಾರೆ, ನೀವೂ ಶೇ 3 ಇಳಿಸಿ. ಟರ್ಕಿಯ ಹೆಸರು ಸುಮ್ಮನೆ ಬಂದದ್ದಲ್ಲ. ಮಿಡಿಸೌತೆಯಲ್ಲಿ ಅವರು ನಮ್ಮ ಪೈಪೋಟಿಗಾರರು, ಅವರ ಲಿರಾ ನಮ್ಮ ರೂಪಾಯಿಗಿಂತ ಎಷ್ಟೋ ವೇಗವಾಗಿ ಬಿದ್ದಿದೆ. ಆದರೆ ಅಲ್ಲಿ ಬೆಲೆಗಳೂ ಹಾಗೇ ಏರಿರುವುದರಿಂದ ಲಿರಾ ಬಿದ್ದಷ್ಟೂ ಅವರ ಸರಕು ಅಗ್ಗವಾಗಿರುವುದಿಲ್ಲ. ಈ ಪತ್ರಕ್ಕೆ ಒಪ್ಪಿಬಿಟ್ಟರೆ ಅಪಾಯವಿದೆ. ಈಗಾಗಲೇ 87.30ರಂಥ ದರಕ್ಕೆ ಮಾರಿರುವ ಡಾಲರಿಗೆ 90 ಎಂಬುದು ಇಲ್ಲವೇ ಇಲ್ಲ. ಆ ಕಂಟೇನರುಗಳಲ್ಲಿ ಶೇ 3 ಬಿಟ್ಟರೆ ಹೋಗುವುದು ಲಾಭದ ಹತ್ತಿರ ಹತ್ತಿರ ಅರ್ಧ, ಅದನ್ನು ತುಂಬಲು ಕಂಪನಿಯ ಕಣ್ಣು ಬೀಳುವುದು ಸಂಗ್ರಹ ಕೇಂದ್ರದ ತಕ್ಕಡಿಯ ಮೇಲೆ. ಗ್ರೇಡ್ ಬಿಗಿಯಾಗುತ್ತದೆ, ನಿನ್ನೆಯವರೆಗೆ ಮೊದಲ ದರ್ಜೆಯಾಗಿದ್ದ ಕಾಯಿ ಇವತ್ತು ಎರಡನೆಯದಾಗುತ್ತದೆ. ವಿನಿಮಯ ದರದ ಹೆಸರನ್ನೇ ಕೇಳದ ರೈತ ಅದರ ನಷ್ಟ ಕಟ್ಟುತ್ತಾನೆ. ಹಾಗಾಗಬಾರದು.

ಇಳಿಸಲೇಬೇಕಾದರೆ ಇನ್ನೂ ಮಾರದ ಡಾಲರಿಗೆ, ಅಂದರೆ ಮುಂದಿನ ಬಿತ್ತನೆಯ ಸರಕಿಗೆ ಮಾತ್ರ ಇಳಿಸಬೇಕು. ಅದರಲ್ಲೂ ಮೊದಲು ಖರ್ಚಿನ ಪಟ್ಟಿಯನ್ನು ಮತ್ತೆ ಬರೆಯಬೇಕು. ಡ್ರಮ್ಮಿನ ಪ್ಲಾಸ್ಟಿಕ್ಕು, ಗೊಬ್ಬರ, ಲಾರಿಯ ಡೀಸೆಲ್ ಇವೆಲ್ಲ ಒಳಗೊಳಗೆ ಡಾಲರಿನ ಜೊತೆಗೇ ಏರುವ ಸಾಮಗ್ರಿಗಳು. 90ರ ಡಾಲರಿನಲ್ಲಿ ಒಂಬತ್ತು ಲಕ್ಷದ ಖರ್ಚು ಒಂಬತ್ತು ಲಕ್ಷವಾಗಿಯೇ ಉಳಿದಿರುವುದಿಲ್ಲ. ಆ ಏರಿಕೆ ಕಳೆದು ಮಿಕ್ಕಿದ್ದರಲ್ಲಿ ಅರ್ಧ ಖರೀದಿದಾರನಿಗೆ ಎನ್ನಬಹುದು. ಜೊತೆಗೆ ಕರಾರಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಬೇಕು: ತಿಂಗಳ ಸರಾಸರಿ ದರ ಮೂಲ ದರಕ್ಕಿಂತ ಶೇ 3ಕ್ಕೂ ಮಿಕ್ಕಿ ಯಾವ ಕಡೆಗೆ ಸರಿದರೂ, ಮಿಕ್ಕಿದ ಭಾಗವನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳತಕ್ಕದ್ದು, ಇದು ಈಗಾಗಲೇ ಡಾಲರ್ ಮಾರಿಯಾದ ಸರಕಿಗೆ ಅನ್ವಯಿಸುವುದಿಲ್ಲ. ರೂಪಾಯಿ ಇಳಿದಾಗ ಪತ್ರ ಬರೆಯುವ ಖರೀದಿದಾರ, ರೂಪಾಯಿ ಏರಿದಾಗಲೂ ಈ ಸಾಲಿಗೆ ಒಪ್ಪುತ್ತಾನೋ ಎಂಬುದು ಅವನು ಸಹಿ ಹಾಕುವ ಹೊತ್ತಿಗೆ ತಿಳಿಯುತ್ತದೆ.